ಆಟೊ ಬಿಡಿಭಾಗದ ಕ್ವಾಲಿಟಿಯಿಂದ ಮೆಡಿಕಲ್ ಡಿವೈಸ್ ಕಡೆಗೆ: ಕವರ್ ಲೆಟರ್ ಹೇಗಿರಬೇಕು?

ಪೀಣ್ಯ_ಮೋಲ್ಡಿಂಗ್

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ಅಸಿಸ್ಟೆಂಟ್ ಮ್ಯಾನೇಜರ್. ಬೈಕು, ಸ್ಕೂಟರ್‌ಗಳ ಪೆಟ್ರೋಲ್ ಪೈಪಿಗೆ ಕೂರುವ ನೈಲಾನ್ ಕನೆಕ್ಟರ್, ಕ್ಲಿಪ್ ಇಂಥವನ್ನು ಮಾಡುತ್ತೇವೆ. 14 ವರ್ಷದ ಅನುಭವ ಇದೆ. ಈಗ ಬೊಮ್ಮಸಂದ್ರದ ಕಡೆ ಡ್ರಿಪ್ ಸೆಟ್, ಕ್ಯಾನುಲಾ ಮಾಡುವ ಒಂದು ಕಂಪನಿಯಲ್ಲಿ ಸೀನಿಯರ್ ಕ್ವಾಲಿಟಿ ಎಂಜಿನಿಯರ್ ಕೆಲಸ ಖಾಲಿ ಇದೆ. ಅರ್ಜಿ ಹಾಕಬೇಕೆಂದಿದ್ದೇನೆ.

ಜಾಹೀರಾತಿನಲ್ಲಿ ಅವರು ಕೇಳಿರುವುದು ಇಷ್ಟು: ಐಎಸ್‌ಓ 13485 ಎಂಬ ಮೆಡಿಕಲ್ ಡಿವೈಸ್ ಕ್ವಾಲಿಟಿ ಸ್ಟ್ಯಾಂಡರ್ಡ್ ತಿಳಿದಿರಬೇಕು, ಪ್ರೋಸೆಸ್ ವ್ಯಾಲಿಡೇಶನ್ ಮಾಡಿರಬೇಕು, ರಿಸ್ಕ್ ಮ್ಯಾನೇಜ್‌ಮೆಂಟ್ ಗೊತ್ತಿರಬೇಕು, ಗ್ರಾಹಕರ ದೂರು ಮತ್ತು ಕಾಪಾ, ಅಂದರೆ ದೋಷ ಸರಿಪಡಿಸಿ ಮತ್ತೆ ಬಾರದಂತೆ ತಡೆಯುವ ಕ್ರಮ, ನಿಭಾಯಿಸಬೇಕು. "ಮೆಡಿಕಲ್ ಡಿವೈಸ್ ಅನುಭವ ಇದ್ದವರಿಗೆ ಆದ್ಯತೆ" ಅಂತಲೂ ಇದೆ. ಅದೇ ನನಗಿಲ್ಲದ್ದು.

ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ. ಇಲ್ಲಿ ಮಾತಾಡಲು ಸುಲಭವಾಗಲಿ ಅಂತ ಮುಖ್ಯ ಭಾಗವನ್ನು ಕನ್ನಡದಲ್ಲಿ ಹಾಕುತ್ತಿದ್ದೇನೆ:

"ನಾನು 14 ವರ್ಷಗಳಿಂದ ಆಟೊಮೊಬೈಲ್ ಬಿಡಿಭಾಗಗಳ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಐಎಟಿಎಫ್ 16949, ಪಿಪಿಎಪಿ, ಎಫ್‌ಎಂಇಎ, ಎಸ್‌ಪಿಸಿ, 8ಡಿ, 5ಎಸ್ ಎಲ್ಲದರಲ್ಲಿ ಪರಿಣತಿ ಇದೆ. ತಂಡವನ್ನು ಮುನ್ನಡೆಸಬಲ್ಲೆ. ಹೊಸ ವಿಷಯವನ್ನು ಬೇಗ ಕಲಿಯುತ್ತೇನೆ. ಜೀವ ಉಳಿಸುವ ಕ್ಷೇತ್ರದಲ್ಲಿ ಸೇವೆ ಸಲ್ಲಿಸುವುದು ನನ್ನ ಬಹುದಿನಗಳ ಆಸೆ."

ಇದನ್ನು ಓದಿದರೆ ನಿಮಗೆ ಏನನ್ನಿಸುತ್ತದೆ? ನೇರವಾಗಿ ಹೇಳಿ.

ನೇಮಕಾತಿ_ಡೆಸ್ಕ್

ಮೇಡಂ, ನೇರವಾಗಿಯೇ ಹೇಳುತ್ತೇನೆ. ಇದರಲ್ಲಿ ಇರುವುದೆಲ್ಲ ನಿಮ್ಮ ರೆಸ್ಯೂಮೆಯಲ್ಲೂ ಇದೆ, ಅಲ್ವಾ? ಮತ್ತೆ ಯಾಕೆ ಓದಬೇಕು?

ಆಡಿಟ್_ರಾಜ

ಕವರ್ ಲೆಟರ್ ಯಾರೂ ಓದುವುದಿಲ್ಲ. ಜಾಹೀರಾತಿನ ಪದಗಳನ್ನೆಲ್ಲ ಪತ್ರದಲ್ಲಿ ತುಂಬಿಸಿ, ಸಾಕು. ನಿಮಗೆ ಗೊತ್ತಿರುವುದಕ್ಕೆ ಹೆಸರು ಬದಲಾಯಿಸಿದರೆ ಆಯಿತು. 8ಡಿ ಅಂದರೆ ಕಾಪಾ. ಪಿಪಿಎಪಿ ಅಂದರೆ ವ್ಯಾಲಿಡೇಶನ್. ಎಫ್‌ಎಂಇಎ ಅಂದರೆ ರಿಸ್ಕ್ ಮ್ಯಾನೇಜ್‌ಮೆಂಟ್. ಎಲ್ಲಾ ಕಡೆ ಕ್ವಾಲಿಟಿ ಒಂದೇ. ನಾನು ಎರಡೂ ಕಡೆ ಆಡಿಟ್ ಮಾಡಿದ್ದೇನೆ.

ನಿವೃತ್ತ_ಹೆಡ್‌ಕ್ಲರ್ಕ್

ತಾಯಿ, ಕವರಿಂಗ್ ಲೆಟರ್ ಅಂದರೆ ಚಿಕ್ಕದಾಗಿರಬೇಕು. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಕಂಡ ದಾಖಲೆಗಳನ್ನು ಲಗತ್ತಿಸಿದೆ" ಅಂತ ಬರೆದು ಕೆಳಗೆ ಪಟ್ಟಿ ಕೊಡಿ. ಅನುಭವದ ಪತ್ರ, ಅಂಕಪಟ್ಟಿ, ಆಧಾರ್ ಪ್ರತಿ. ದಿನಾಂಕ, ಸ್ಥಳ ಮರೆಯಬೇಡಿ. ನಮ್ಮ ಇಲಾಖೆಯಲ್ಲಿ ಇದು ಇಲ್ಲದಿದ್ದರೆ ಅರ್ಜಿಯನ್ನೇ ವಾಪಸ್ ಕಳಿಸುತ್ತಿದ್ದೆವು.

ನೇಮಕಾತಿ_ಡೆಸ್ಕ್

ಸರ್, ನೀವು ಹೇಳುತ್ತಿರುವುದು ಸರ್ಕಾರಿ ಅರ್ಜಿಯ ಜೊತೆ ಹೋಗುವ ಪತ್ರ. ಖಾಸಗಿ ಕಂಪನಿಗೆ ದಾಖಲೆಗಳ ಪಟ್ಟಿ ಬೇಡ. ಆಧಾರ್ ಪ್ರತಿಯನ್ನಂತೂ ಈ ಹಂತದಲ್ಲಿ ಯಾರಿಗೂ ಕಳಿಸಬಾರದು.

ಆಡಿಟ್_ರಾಜ ಅವರೇ, "ಯಾರೂ ಓದುವುದಿಲ್ಲ" ಅನ್ನುವುದು ಪೂರ್ತಿ ನಿಜವಲ್ಲ. ಅದೇ ಕ್ಷೇತ್ರದಿಂದ ಬಂದವರ ಪತ್ರವನ್ನು ನಾವು ತೆರೆಯುವುದು ಕಡಿಮೆ, ರೆಸ್ಯೂಮೆಯಲ್ಲೇ ಎಲ್ಲ ಗೊತ್ತಾಗುತ್ತದೆ. ಆದರೆ ರೆಸ್ಯೂಮೆ ಕೆಲಸಕ್ಕೆ ಹೊಂದದೇ ಇದ್ದಾಗ "ಇವರು ಯಾಕೆ ಅರ್ಜಿ ಹಾಕಿದ್ದಾರೆ?" ಎಂಬ ಪ್ರಶ್ನೆ ಬರುತ್ತದೆ. ಆಗ ಪತ್ರ ತೆರೆಯುತ್ತೇವೆ. ಕ್ಷೇತ್ರ ಬದಲಿಸುವವರಿಗೆ ಸಿಗುವ ಅವಕಾಶ ಅದೊಂದೇ.

ಸ್ಟೆರೈಲ್_ಪ್ಯಾಕ್

ನಾನು ಮೆಡಿಕಲ್ ಡಿವೈಸ್ ಕಾರ್ಖಾನೆಯಲ್ಲಿ ಕ್ವಾಲಿಟಿ ಮುಖ್ಯಸ್ಥ. ಆಟೊದಿಂದ ಬಂದವರನ್ನು ನಾನೇ ತೆಗೆದುಕೊಂಡಿದ್ದೇನೆ, ತಿರಸ್ಕರಿಸಿಯೂ ಇದ್ದೇನೆ. ಆಡಿಟ್_ರಾಜ ಅವರ ಮಾತಿನಂತೆ ಬರೆದರೆ ಮೇಡಂ ಇಂಟರ್‌ವ್ಯೂನ ಮೊದಲ ಹತ್ತು ನಿಮಿಷದಲ್ಲೇ ಸಿಕ್ಕಿಬೀಳುತ್ತಾರೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ವ್ಯಾಲಿಡೇಶನ್. ಪಿಪಿಎಪಿಯಲ್ಲಿ ನೀವು ಉತ್ಪಾದನೆಯ ವೇಗದಲ್ಲೇ ಒಂದು ರನ್ ಓಡಿಸಿ, ಪಾರ್ಟು ಡ್ರಾಯಿಂಗಿಗೆ ಸರಿಯಿದೆ ಅಂತ ಗ್ರಾಹಕರಿಗೆ ತೋರಿಸಿ ಒಪ್ಪಿಗೆ ಪಡೆಯುತ್ತೀರಿ. ಆಮೇಲೂ ಪಾರ್ಟನ್ನು ಅಳೆಯಬಹುದು, ಗೇಜ್ ಹಾಕಬಹುದು. ನಮ್ಮಲ್ಲಿ ಡ್ರಿಪ್ ಸೆಟ್ಟನ್ನು ಪೌಚಿನಲ್ಲಿ ಹಾಕಿ ಸೀಲ್ ಮಾಡುತ್ತೇವೆ. ಸೀಲ್ ಎಷ್ಟು ಗಟ್ಟಿ ಅಂತ ನೋಡಬೇಕಾದರೆ ಪೌಚನ್ನು ಎಳೆದು ಬಿಚ್ಚಬೇಕು. ಬಿಚ್ಚಿದ ಮೇಲೆ ಅದನ್ನು ಮಾರಲು ಆಗುವುದಿಲ್ಲ. ಅಂದರೆ ಪ್ರತಿ ಪೌಚನ್ನೂ ಪರೀಕ್ಷಿಸುವ ದಾರಿಯೇ ಇಲ್ಲ. ಹಾಗಾಗಿ ಸೀಲಿಂಗ್ ಮಶೀನಿನ ಉಷ್ಣತೆ, ಒತ್ತಡ, ಸಮಯ ಈ ಮೂರನ್ನೂ ಮೇಲಿನ ಅಂಚಿಗೆ, ಕೆಳಗಿನ ಅಂಚಿಗೆ ಒಯ್ದು, ಅಲ್ಲೂ ಸೀಲ್ ನಿಲ್ಲುತ್ತದೆ ಅಂತ ಮೊದಲೇ ಸಾಬೀತು ಮಾಡಬೇಕು. ಓಕ್ಯೂ ಅಂದರೆ ಇದು. ಅದಕ್ಕೆ ಮೊದಲು ಮಶೀನು ಸರಿಯಾಗಿ ಕೂತಿದೆ ಅಂತ ಐಕ್ಯೂ, ಆಮೇಲೆ ಮಾಮೂಲಿ ಉತ್ಪಾದನೆಯಲ್ಲಿ ಬೇರೆ ಬೇರೆ ಬ್ಯಾಚ್ ಓಡಿಸಿ ಪಿಕ್ಯೂ. ಪಿಪಿಎಪಿ ಫೈಲಿನಲ್ಲಿ ಈ ಅಂಚುಗಳ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಎರಡನೆಯದು ರಿಸ್ಕ್. ಹಳೆಯ ಎಫ್‌ಎಂಇಎಯಲ್ಲಿ ಆರ್‌ಪಿಎನ್ ಇದೆ. ತೀವ್ರತೆ, ಎಷ್ಟು ಸಲ ಆಗುತ್ತದೆ, ಎಷ್ಟು ಸುಲಭವಾಗಿ ಪತ್ತೆಯಾಗುತ್ತದೆ, ಮೂರನ್ನೂ ಗುಣಿಸುತ್ತೀರಿ. ಕೊನೆಯಲ್ಲಿ ಒಬ್ಬ ಇನ್‌ಸ್ಪೆಕ್ಟರನ್ನು ಕೂರಿಸಿದರೆ ಆರ್‌ಪಿಎನ್ ಇಳಿಯುತ್ತದೆ. ನಮ್ಮ ಐಎಸ್‌ಓ 14971ರಲ್ಲಿ ಲೆಕ್ಕ ಶುರುವಾಗುವುದೇ ರೋಗಿಗೆ ಆಗುವ ಹಾನಿಯಿಂದ. ಹಾನಿ ಎಷ್ಟು ದೊಡ್ಡದು, ಆಗುವ ಸಾಧ್ಯತೆ ಎಷ್ಟು, ಇವೆರಡೇ. ರಿಸ್ಕ್ ಇಳಿಸುವಾಗಲೂ ಮೊದಲು ವಿನ್ಯಾಸದಲ್ಲೇ ಅಪಾಯ ತೆಗೆಯಲು ನೋಡಬೇಕು, ಆಮೇಲೆ ಸಾಧನದಲ್ಲೋ ತಯಾರಿಕೆಯಲ್ಲೋ ರಕ್ಷಣೆ, ಎಚ್ಚರಿಕೆಯ ಸೂಚನೆ ಬರೆಯುವುದು ಕೊನೆಗೆ. ಎಫ್‌ಎಂಇಎ ನಾವೂ ಬಳಸುತ್ತೇವೆ. ಆದರೆ ಅದೊಂದನ್ನೇ ರಿಸ್ಕ್ ಫೈಲ್ ಅಂದುಕೊಂಡು ಬಂದವರು ತಕ್ಷಣ ಗೊತ್ತಾಗುತ್ತಾರೆ.

8ಡಿ ಮತ್ತು ಕಾಪಾ ಹತ್ತಿರ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ.

ಆಡಿಟ್_ರಾಜ

ಈಗ ಆಟೊದಲ್ಲೂ ಆರ್‌ಪಿಎನ್ ಹೋಗುತ್ತಿದೆ ಸರ್. 2019ರ ಎಐಎಜಿ-ವಿಡಿಎ ಕೈಪಿಡಿಯಲ್ಲಿ ಆಕ್ಷನ್ ಪ್ರಯಾರಿಟಿ ಬಂದಿದೆ. ನೀವು ಹೇಳುತ್ತಿರುವುದು ಹಳೆಯ ಕಥೆ.

ಸ್ಟೆರೈಲ್_ಪ್ಯಾಕ್

ಸರಿ, ಅದಕ್ಕೇ "ಹಳೆಯ ಎಫ್‌ಎಂಇಎ" ಅಂದೆ. ಆದರೆ ಆಕ್ಷನ್ ಪ್ರಯಾರಿಟಿಯ ಕೋಷ್ಟಕದಲ್ಲೂ ಪತ್ತೆಹಚ್ಚುವಿಕೆ ಒಂದು ಅಂಶವಾಗಿಯೇ ಉಳಿದಿದೆ, ಅಲ್ವಾ? ನನ್ನ ಮಾತು ಅದರ ಬಗ್ಗೆ.

ಗಣಿತ_ಮೇಷ್ಟ್ರು

ಇದೇ ವಿಷಯ ಆದ್ದರಿಂದ ಕೇಳುತ್ತಿದ್ದೇನೆ. ನಾನು ಪಿಯು ಕಾಲೇಜಿನಲ್ಲಿ ಗಣಿತ ಉಪನ್ಯಾಸಕ. ಕಾರ್ಪೊರೇಟ್ ಟ್ರೈನಿಂಗ್ ಕಡೆ ಹೋಗಬೇಕೆಂದಿದ್ದೇನೆ. ನನ್ನ ಪತ್ರದಲ್ಲಿ ರ‍್ಯಾಂಕ್ ಬಂದ ವಿದ್ಯಾರ್ಥಿಗಳ ವಿಷಯ ಹಾಕಬಹುದೇ?

ನೇಮಕಾತಿ_ಡೆಸ್ಕ್

ಮೇಷ್ಟ್ರೇ, ರ‍್ಯಾಂಕಿಗಿಂತ ಫೇಲಾಗುತ್ತಿದ್ದ ತರಗತಿಯನ್ನು ಹೇಗೆ ಪಾಸು ಮಾಡಿಸಿದಿರಿ ಅನ್ನುವುದನ್ನು ಬರೆಯಿರಿ. ಕಂಪನಿಗಳಲ್ಲಿ ಟ್ರೈನಿಂಗಿಗೆ ಕೂರುವವರು ರ‍್ಯಾಂಕ್ ವಿದ್ಯಾರ್ಥಿಗಳಲ್ಲ. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ಮಾತಾಡೋಣ.

ತುಮಕೂರು_ಶಿಫ್ಟ್

ಅಕ್ಕ, ನಾನು ಇದೇ ದಾರಿಯಲ್ಲಿ ಬಂದವನು. ಬ್ರೇಕ್ ಪಾರ್ಟ್ಸ್ ಬಿಟ್ಟು ಈಗ ಸಿರಿಂಜ್ ಪ್ಲಾಂಟಿನಲ್ಲಿದ್ದೇನೆ. ಪತ್ರದಲ್ಲಿ ಒಂದೇ ಒಂದು ಘಟನೆ ಬರೆದಿದ್ದೆ, ಒಂದು ಲಾಟನ್ನು ಹೇಗೆ ಹುಡುಕಿ ತಡೆದೆವು ಅಂತ. ಇಂಟರ್‌ವ್ಯೂ ಮುಕ್ಕಾಲು ಪಾಲು ಅದರ ಮೇಲೆಯೇ ನಡೆಯಿತು. ಟೂಲ್‌ಗಳ ಹೆಸರಿನ ಬಗ್ಗೆ ಯಾರೂ ಕೇಳಲಿಲ್ಲ. ನಿಮ್ಮ ಕನೆಕ್ಟರಿಗೆ ಸೋರಿಕೆಯ ದೂರು ಬಂದಿರಲೇಬೇಕು. ಡ್ರಿಪ್ ಸೆಟ್ಟಿನಲ್ಲೂ ಕನೆಕ್ಟರ್ ಇದೆ, ಅಲ್ಲೂ ದೊಡ್ಡ ತಲೆನೋವು ಸೋರಿಕೆಯೇ.

ಪೀಣ್ಯ_ಮೋಲ್ಡಿಂಗ್

ಬಂದಿತ್ತು. ಗ್ರಾಹಕರ ಅಸೆಂಬ್ಲಿ ಲೈನಿನಲ್ಲಿ ನಮ್ಮ ಕನೆಕ್ಟರ್ ಸೋರಿತು. ಪೈಪ್ ಒತ್ತುವಾಗ ಕುತ್ತಿಗೆಯ ಹತ್ತಿರ ಕೂದಲೆಳೆಯ ಬಿರುಕು ಬಿಡುತ್ತಿತ್ತು. ಪಾರ್ಟಿನ ಮೇಲಿದ್ದ ಕ್ಯಾವಿಟಿ ನಂಬರ್ ನೋಡಿದರೆ ಎಲ್ಲಾ ಕ್ಯಾವಿಟಿಯದ್ದೂ ಇತ್ತು. ಹಾಗಾಗಿ ಮೋಲ್ಡಿನ ದೋಷ ಅಲ್ಲ ಅಂತಾಯಿತು. ಲಾಟ್ ಚೀಟಿ ಹಿಡಿದು ಹಿಂದೆ ಹೋದರೆ ಎಲ್ಲವೂ ಒಂದೇ ರಾತ್ರಿ ಪಾಳಿಯವು. ಅವತ್ತು ಡ್ರೈಯರಿನ ಫಿಲ್ಟರ್ ಕಟ್ಟಿಕೊಂಡಿತ್ತು. ಪ್ಯಾನೆಲ್‌ನಲ್ಲಿ ಉಷ್ಣತೆ 80 ಡಿಗ್ರಿ ಸರಿಯಾಗೇ ತೋರಿಸುತ್ತಿತ್ತು, ಆದರೆ ಗಾಳಿ ಹರಿಯುತ್ತಿರಲಿಲ್ಲ. ನೈಲಾನ್ ಕಾಳು ಒದ್ದೆಯಾಗಿಯೇ ಬ್ಯಾರೆಲ್‌ಗೆ ಹೋಗಿದೆ. ತೇವ ಇದ್ದರೆ ಕರಗುವಾಗ ನೈಲಾನಿನ ಬಲವೇ ಕುಗ್ಗುತ್ತದೆ. ಗ್ರಾಹಕರ ಲೈನ್, ದಾರಿಯಲ್ಲಿದ್ದ ಲಾರಿ, ನಮ್ಮ ಸ್ಟೋರ್ ಮೂರೂ ಕಡೆ ಆ ಲಾಟನ್ನು ತಡೆದೆವು. ಆಮೇಲೆ ಡ್ರೈಯರಿಗೆ ಡ್ಯೂ ಪಾಯಿಂಟ್ ಅಲಾರಂ ಹಾಕಿಸಿದೆ. ಪ್ರತಿ ಪಾಳಿ ಶುರುವಾಗುವಾಗ ಕಾಳಿನ ತೇವ ಅಳೆದು ಬರೆಯಬೇಕು, ಶೇ. 0.2ಕ್ಕಿಂತ ಜಾಸ್ತಿ ಇದ್ದರೆ ಮಶೀನು ಶುರು ಮಾಡುವಂತಿಲ್ಲ ಅಂತ ನಿಯಮ ಮಾಡಿದೆವು.

ಆದರೆ ಇದು ಪೆಟ್ರೋಲ್ ಕನೆಕ್ಟರ್ ಕಥೆ. ಮೆಡಿಕಲ್‌ನವರಿಗೆ ಏನು ಪ್ರಯೋಜನ?

ಸ್ಟೆರೈಲ್_ಪ್ಯಾಕ್

ಮೇಡಂ, ನಾನು ಪತ್ರದಲ್ಲಿ ಓದಲು ಬಯಸುವುದು ಇದನ್ನೇ! ಇಲ್ಲಿ ನಾಲ್ಕು ವಾಕ್ಯದಲ್ಲಿ ಹೇಳಿದ್ದನ್ನು ಬಿಟ್ಟು "8ಡಿಯಲ್ಲಿ ಪರಿಣತಿ" ಅಂತ ಬರೆದಿದ್ದೀರಿ.

ನನ್ನ ಕಡೆಯಿಂದ ನೋಡಿ. ಆಸ್ಪತ್ರೆಯಿಂದ ಡ್ರಿಪ್ ಸೆಟ್ ಸೋರುತ್ತಿದೆ ಅಂತ ದೂರು ಬರುತ್ತದೆ. ನಾನು ಮಾಡಬೇಕಾದ್ದೇನು? ಪೌಚಿನ ಮೇಲಿನ ಲಾಟ್ ನಂಬರ್‌ನಿಂದ ಬ್ಯಾಚ್ ದಾಖಲೆಗೆ ಹೋಗಬೇಕು. ಅಲ್ಲಿಂದ ಮಶೀನು, ಪಾಳಿ, ಕಚ್ಚಾಮಾಲು. ಅದೇ ಲಾಟಿನ ಉಳಿದ ಮಾಲು ಯಾವ ಡೀಲರ್ ಹತ್ತಿರ, ಯಾವ ಆಸ್ಪತ್ರೆಯಲ್ಲಿದೆ ಅಂತ ಹುಡುಕಿ ತಡೆಯಬೇಕು. ಕಾರಣ ತಿಳಿದು ಸರಿಪಡಿಸಿ, ಕೆಲವು ಕಾಲ ಬಿಟ್ಟು ಆ ಪರಿಹಾರ ಕೆಲಸ ಮಾಡಿದೆಯೇ ಅಂತ ನೋಡಬೇಕು. ನೀವು ಮಾಡಿದ್ದೂ ಇದೇ ಕ್ರಮ. ಪತ್ರದಲ್ಲಿ ಅದನ್ನು ಇದೇ ಕ್ರಮದಲ್ಲಿ ಬರೆದರೆ ಓದುವವರು ತಾವಾಗಿಯೇ ಜೋಡಿಸಿಕೊಳ್ಳುತ್ತಾರೆ.

ಒಂದು ಕೊಂಡಿ ಮಾತ್ರ ಕಾಣಲಿಲ್ಲ. ಅಲಾರಂ ಹಾಕಿಸಿದ ಮೇಲೆ ಅದು ಫಲ ಕೊಟ್ಟಿತೇ ಅಂತ ಹೇಗೆ ನೋಡಿದಿರಿ? ಕಾಪಾದಲ್ಲಿ ನಾವು ಮೊದಲು ಹುಡುಕುವುದು ಅದನ್ನೇ. ಆಡಿಟರ್‌ಗಳು ಕೂಡ.

ಪೀಣ್ಯ_ಮೋಲ್ಡಿಂಗ್

ನೋಡಿದೆವು ಸರ್. ಮುಂದಿನ ತಿಂಗಳುಗಳ ಲಾಟ್‌ಗಳಿಂದ ಸ್ಯಾಂಪಲ್ ತೆಗೆದು ಪೈಪ್ ಒತ್ತಿ, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಅಂತ ಪರೀಕ್ಷೆ ಮಾಡಿಸಿದೆ. ಮಳೆಗಾಲ ಮುಗಿಯುವವರೆಗೂ ನಿಲ್ಲಿಸಲಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇರುವಾಗಲೇ ಡ್ರೈಯರಿನ ನಿಜವಾದ ಪರೀಕ್ಷೆ ಆಗುವುದು.

ಸ್ಟೆರೈಲ್_ಪ್ಯಾಕ್

ಮಳೆಗಾಲದ ವಾಕ್ಯವನ್ನು ಪತ್ರದಲ್ಲಿ ಖಂಡಿತ ಹಾಕಿ. ಪರಿಹಾರವನ್ನು ಕಷ್ಟದ ಸ್ಥಿತಿಯಲ್ಲೇ ಪರೀಕ್ಷಿಸಬೇಕು ಅನ್ನುವುದು ನಿಮಗೆ ಗೊತ್ತಿದೆ ಅಂತ ಅದು ಹೇಳುತ್ತದೆ. ಓಕ್ಯೂ ಹಿಂದಿನ ಯೋಚನೆಯೂ ಅದೇ.

ಇನ್ನೊಂದು ಕೇಳುತ್ತೇನೆ. ಹೊಸ ಮೋಲ್ಡ್ ಬಂದಾಗ ಟ್ರಯಲ್ ಹೇಗೆ ಮಾಡುತ್ತೀರಿ? ಸುಮ್ನೆ ಒಂದು ಸೆಟ್ಟಿಂಗ್ ಹಿಡಿದು ಓಡಿಸುತ್ತೀರಾ, ಅಥವಾ ಒತ್ತಡ, ಉಷ್ಣತೆ ಏರಿಸಿ ಇಳಿಸಿ ಎಲ್ಲಿಂದ ಎಲ್ಲಿಯವರೆಗೆ ಪಾರ್ಟ್ ಸರಿ ಬರುತ್ತದೆ ಅಂತ ನೋಡುತ್ತೀರಾ?

ಪೀಣ್ಯ_ಮೋಲ್ಡಿಂಗ್

ಏರಿಸಿ ಇಳಿಸಿಯೇ ನೋಡುತ್ತೇವೆ. ಹೋಲ್ಡಿಂಗ್ ಪ್ರೆಶರ್, ಮೋಲ್ಡ್ ಉಷ್ಣತೆ, ಕೂಲಿಂಗ್ ಸಮಯ ಇವುಗಳ ಮೇಲೆ ಡಿಓಇ ಮಾಡಿ ವಿಂಡೋ ಹಾಕಿಕೊಳ್ಳುತ್ತೇವೆ. ಸೆಟ್ಟಿಂಗ್ ಶೀಟಿನಲ್ಲಿ ಆ ಮಿತಿ ಇರುತ್ತದೆ.

ಸ್ಟೆರೈಲ್_ಪ್ಯಾಕ್

ಹಾಗಾದರೆ "ವ್ಯಾಲಿಡೇಶನ್ ಮಾಡಿದ್ದೇನೆ" ಅಂತ ಬರೆಯಬೇಡಿ, ಇದನ್ನು ಬರೆಯಿರಿ. ಮೊದಲೇ ಸಹಿಯಾದ ಪ್ರೊಟೊಕಾಲ್ ಇಲ್ಲ, ಸ್ಯಾಂಪಲ್ ಎಷ್ಟು ತೆಗೆಯಬೇಕು ಅನ್ನುವುದಕ್ಕೆ ಬರೆದಿಟ್ಟ ಕಾರಣ ಇಲ್ಲ. ಅವನ್ನು ಕಲಿಯಬೇಕು. ಆದರೆ ಅಂಚು ಹುಡುಕುವ ಕೆಲಸ ನಿಮಗೆ ಬರುತ್ತದೆ. ಅದು ಬಾರದವರಿಗೆ ಪ್ರೊಟೊಕಾಲ್ ಕಲಿಸಿದರೂ ಉಪಯೋಗವಿಲ್ಲ.

ಗಾಲ್ವೇ_ಕನ್ನಡಿಗ

ಐರ್ಲೆಂಡಿನ ಗಾಲ್ವೇಯಿಂದ. ಇಲ್ಲಿ ಊರಿನ ತುಂಬ ಮೆಡಿಕಲ್ ಡಿವೈಸ್ ಕಾರ್ಖಾನೆಗಳು. ನಮ್ಮಲ್ಲಿ ಹೊರಗಿನಿಂದ ಬಂದವರು ಎಡವುವುದು ದಾಖಲೆಯ ವಿಷಯದಲ್ಲಿ. ತಪ್ಪು ಬರೆದರೆ ವೈಟ್ನರ್ ಹಾಕುವಂತಿಲ್ಲ, ಮೇಲೆ ತಿದ್ದುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ದಿನಾಂಕ ಹಾಕಬೇಕು. ನಿಮ್ಮ ಶಾಪಿನಲ್ಲಿ ಈ ಪದ್ಧತಿ ಈಗಾಗಲೇ ಇದ್ದರೆ ಪತ್ರದಲ್ಲಿ ಒಂದು ವಾಕ್ಯ ಹಾಕಿ. ಇಲ್ಲದಿದ್ದರೆ ಬೇಡ.

ಆ ಕಂಪನಿ ಅಮೆರಿಕಕ್ಕೆ ರಫ್ತು ಮಾಡುತ್ತಿದ್ದರೆ ಇನ್ನೊಂದು ವಿಷಯ. ಅಲ್ಲಿನ ಎಫ್‌ಡಿಎ ತನ್ನ ಕ್ವಾಲಿಟಿ ನಿಯಮವನ್ನು ಐಎಸ್‌ಓ 13485ಕ್ಕೆ ಹೊಂದಿಸಿದೆ, 2026ರ ಫೆಬ್ರವರಿ 2ರಿಂದ ಅದು ಜಾರಿ. ಇಂಟರ್‌ವ್ಯೂನಲ್ಲಿ ಬರಬಹುದು. ಪತ್ರಕ್ಕೆ ಬೇಡ.

ಆಡಿಟ್_ರಾಜ

ಎಲ್ಲ ಸರಿ, ಆದರೆ ಮೊದಲು 13485 ಲೀಡ್ ಆಡಿಟರ್ ಕೋರ್ಸ್ ಮಾಡಲಿ. ಸರ್ಟಿಫಿಕೇಟ್ ಇಲ್ಲದೆ ಯಾರು ಕರೆಯುತ್ತಾರೆ?

ತುಮಕೂರು_ಶಿಫ್ಟ್

ನನ್ನ ಹತ್ತಿರ ಇರಲಿಲ್ಲ, ಕರೆದರು. ಐದು ದಿನದ ಕೋರ್ಸಿಗೆ ದುಡ್ಡು ಸುರಿಯುವ ಮೊದಲು 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಓದಲಿ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಓ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಐದನೇ ಶೆಡ್ಯೂಲಿನಲ್ಲಿ ಕ್ವಾಲಿಟಿ ವ್ಯವಸ್ಥೆ ಹೇಗಿರಬೇಕು ಅಂತ ಇದೆ. 13485 ಓದಿದ ಹಾಗೇ ಆಗುತ್ತದೆ.

ಸ್ಟೆರೈಲ್_ಪ್ಯಾಕ್

ಎರಡು ದಿನದ ಇಂಟರ್ನಲ್ ಆಡಿಟರ್ ಕೋರ್ಸ್ ಮಾಡಿದರೆ ಒಳ್ಳೆಯದು. ಲೀಡ್ ಆಡಿಟರ್ ಈ ಕೆಲಸಕ್ಕೆ ಬೇಕಿಲ್ಲ. ಅಪಾಯ ಕಡಿಮೆ ಇರುವ ಎ ಮತ್ತು ಬಿ ವರ್ಗದ ಸಾಧನಗಳಿಗೆ 2022ರ ಅಕ್ಟೋಬರ್ 1ರಿಂದ, ಅಪಾಯ ಜಾಸ್ತಿ ಇರುವ ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರ್ 1ರಿಂದ ಲೈಸೆನ್ಸ್ ವ್ಯವಸ್ಥೆ ಬಂದ ಮೇಲೆ ಕ್ವಾಲಿಟಿಯವರ ಬೇಡಿಕೆ ಜಾಸ್ತಿಯಾಗಿದೆ. ಎಲ್ಲರೂ ಇದೇ ಕ್ಷೇತ್ರದವರೇ ಬೇಕು ಅಂದರೆ ಸಿಗುವುದಿಲ್ಲ.

ಬಸ್_ಬಿಟ್ಟವನು

ಪೀಣ್ಯದಿಂದ ಬೊಮ್ಮಸಂದ್ರಕ್ಕೆ ದಿನಾ ಓಡಾಡುತ್ತೀರಾ ಮೇಡಂ? ಅದನ್ನು ಮೊದಲು ಯೋಚಿಸಿ.

ತುಮಕೂರು_ಶಿಫ್ಟ್

ಈಗ ಮೆಟ್ರೋ ಇದೆಯಲ್ಲ. ಪೀಣ್ಯದಲ್ಲಿ ಹಸಿರು ಲೈನ್ ಹತ್ತಿ ಆರ್‌ವಿ ರೋಡಿನಲ್ಲಿ ಹಳದಿ ಲೈನಿಗೆ ಬದಲಾಯಿಸಿದರೆ ಬೊಮ್ಮಸಂದ್ರ.

ಬಸ್_ಬಿಟ್ಟವನು

ಊರಿನ ಈ ತುದಿಯಿಂದ ಆ ತುದಿಗೆ. ಮೊದಲ ಪಾಳಿಗೆ ಆರು ಗಂಟೆಗೆ ಬಾ ಅಂದರೆ ಆಗುವುದಿಲ್ಲ, ನೋಡಿಕೊಳ್ಳಿ.

ಪೀಣ್ಯ_ಮೋಲ್ಡಿಂಗ್

ಜನರಲ್ ಶಿಫ್ಟ್ ಅಂತ ಇದೆ, ಪರವಾಗಿಲ್ಲ. ಎಲ್ಲರಿಗೂ ಧನ್ಯವಾದ. ತಿದ್ದಿ ಬರೆದಿದ್ದೇನೆ:

"ನಿಮ್ಮ ಜಾಹೀರಾತಿನಲ್ಲಿ ದೂರು ಮತ್ತು ಕಾಪಾ ನಿಭಾಯಿಸುವವರು ಬೇಕೆಂದಿದ್ದೀರಿ. ನಾನು ದ್ವಿಚಕ್ರ ವಾಹನಗಳ ಇಂಧನ ಕನೆಕ್ಟರ್‌ಗಳ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಒಮ್ಮೆ ಗ್ರಾಹಕರ ಲೈನಿನಲ್ಲಿ ಕನೆಕ್ಟರ್ ಸೋರಿದಾಗ, ಲಾಟ್ ಮತ್ತು ಕ್ಯಾವಿಟಿ ನಂಬರ್‌ಗಳ ಮೂಲಕ ಅದನ್ನು ಒಂದು ಪಾಳಿಗೆ, ಅಲ್ಲಿಂದ ಕಟ್ಟಿಕೊಂಡ ಡ್ರೈಯರ್ ಫಿಲ್ಟರಿಗೆ ಪತ್ತೆ ಹಚ್ಚಿದೆ. ಗ್ರಾಹಕರಲ್ಲಿ, ಸಾಗಣೆಯಲ್ಲಿ, ಸ್ಟೋರಿನಲ್ಲಿ ಇದ್ದ ಮಾಲನ್ನು ತಡೆದೆವು. ಉಷ್ಣತೆ ಸರಿ ತೋರಿಸಿದರೂ ಕಾಳು ಒಣಗಿರುವುದಿಲ್ಲ ಎಂಬುದು ತಿಳಿದ ಮೇಲೆ ಡ್ಯೂ ಪಾಯಿಂಟ್ ಅಲಾರಂ ಅಳವಡಿಸಿ, ಪರಿಹಾರ ನಿಲ್ಲುತ್ತದೆಯೇ ಎಂದು ಮಳೆಗಾಲದುದ್ದಕ್ಕೂ ಸೋರಿಕೆ ಪರೀಕ್ಷೆ ನಡೆಸಿದೆ.

ಹೊಸ ಮೋಲ್ಡ್‌ಗಳಿಗೆ ಒತ್ತಡ, ಉಷ್ಣತೆ, ಸಮಯಗಳ ಮಿತಿಯನ್ನು ಡಿಓಇ ಮೂಲಕ ನಾನು ನಿಗದಿ ಮಾಡುತ್ತೇನೆ. ನಿಮ್ಮ ಕ್ಷೇತ್ರದ ರೀತಿಯ ಐಕ್ಯೂ, ಓಕ್ಯೂ, ಪಿಕ್ಯೂ ಪ್ರೊಟೊಕಾಲ್ ನಾನು ಬರೆದಿಲ್ಲ. ಸ್ಟೆರೈಲ್ ಉತ್ಪನ್ನ, ಕ್ಲೀನ್‌ರೂಮ್ ಕೆಲಸವೂ ನನಗೆ ಹೊಸದು. 2017ರ ಮೆಡಿಕಲ್ ಡಿವೈಸಸ್ ರೂಲ್ಸ್‌ನ ಐದನೇ ಶೆಡ್ಯೂಲ್ ಓದುತ್ತಿದ್ದೇನೆ, 13485 ಇಂಟರ್ನಲ್ ಆಡಿಟರ್ ತರಬೇತಿಗೆ ಹೆಸರು ಕೊಟ್ಟಿದ್ದೇನೆ."

ನೇಮಕಾತಿ_ಡೆಸ್ಕ್

ಇದನ್ನು ಓದಿದರೆ ಕ್ವಾಲಿಟಿ ಮುಖ್ಯಸ್ಥರಿಗೆ ಫಾರ್ವರ್ಡ್ ಮಾಡುತ್ತೇನೆ. ಆದರೆ "ಬರೆದಿಲ್ಲ", "ಹೊಸದು" ಅನ್ನುವುದನ್ನು ತೆಗೆಯಿರಿ. ನಿಮ್ಮ ಕೊರತೆಯನ್ನು ನೀವೇ ಯಾಕೆ ಎತ್ತಿ ತೋರಿಸಬೇಕು? ಎಚ್‌ಆರ್‌ನಲ್ಲಿ ಹೊಸಬರು ಯಾರಾದರೂ ಇದ್ದರೆ ಅದನ್ನು ಓದಿ ಅಲ್ಲೇ ಪಕ್ಕಕ್ಕಿಡುತ್ತಾರೆ.

ಸ್ಟೆರೈಲ್_ಪ್ಯಾಕ್

ನಾನು ಒಪ್ಪುವುದಿಲ್ಲ. ರೆಸ್ಯೂಮೆ ನೋಡಿದರೆ ಹೇಗೂ ಗೊತ್ತಾಗುತ್ತದೆ. ಏನು ಗೊತ್ತಿಲ್ಲ ಅಂತ ಸರಿಯಾಗಿ ಹೆಸರಿಸುವವರಿಗೆ ಆ ಕೆಲಸದಲ್ಲಿ ಏನಿದೆ ಅಂತ ಗೊತ್ತಿರುತ್ತದೆ. "ಬೇಗ ಕಲಿಯುತ್ತೇನೆ" ಅನ್ನುವವರಿಗೆ ಏನು ಕಲಿಯಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಆ ವಾಕ್ಯ ಇರಲಿ.

ತುಮಕೂರು_ಶಿಫ್ಟ್

ಇಬ್ಬರದ್ದೂ ಸರಿ. ಕ್ವಾಲಿಟಿ ಮುಖ್ಯಸ್ಥರಿಗೆ ನೇರ ಹೋಗುವುದಾದರೆ ಇಡಿ, ಜಾಬ್ ಪೋರ್ಟಲ್ ಮೂಲಕ ಎಚ್‌ಆರ್‌ಗೆ ಹೋಗುವುದಾದರೆ ತೆಗೆಯಿರಿ ಅಕ್ಕ.

ನಿವೃತ್ತ_ಹೆಡ್‌ಕ್ಲರ್ಕ್

ಪತ್ರ ಚೆನ್ನಾಗಿದೆ ತಾಯಿ. ಒಂದೇ ಪುಟಕ್ಕೆ ನಿಲ್ಲಿಸಿ. ಸಂಬಳದ ವಿಷಯ ಎಲ್ಲೂ ಕಾಣಲಿಲ್ಲವಲ್ಲ?

ನೇಮಕಾತಿ_ಡೆಸ್ಕ್

ಸಂಬಳ ಪತ್ರದಲ್ಲಿ ಬೇಡ ಸರ್, ಅವರು ಕೇಳಿದಾಗ ಹೇಳಿದರಾಯಿತು. ನೋಟಿಸ್ ಪೀರಿಯಡ್ ಮಾತ್ರ ಕೊನೆಯ ಸಾಲಿನಲ್ಲಿ ಇರಲಿ. 90 ದಿನ ಇದ್ದರೆ ಎಷ್ಟು ಕಡಿಮೆ ಮಾಡಿಸಬಹುದು ಅಂತ ನಿಮ್ಮ ಕಂಪನಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಆಡಿಟ್_ರಾಜ

ನೋಟಿಸ್ ಬಗ್ಗೆ ಈಗಲೇ ಕಂಪನಿಯಲ್ಲಿ ವಿಚಾರಿಸಿದರೆ ಬಿಡುತ್ತೀರಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನೇಮಕದ ಪತ್ರ ತೆಗೆದು ಅದರಲ್ಲಿ ಏನಿದೆ ಅಂತ ನೀವೇ ಓದಿ. ನೋಟಿಸ್ ದಿನಗಳ ಸಂಬಳ ಕಟ್ಟಿ ಬೇಗ ಬಿಡುವ ಅವಕಾಶ ಅಲ್ಲೇ ಬರೆದಿರಬಹುದು.